ಡಿಸ್ಕೌಂಟ್ ದರ: ಐದು ತಪ್ಪು ಕಲ್ಪನೆ, ಒಂದು ಕೆರೆಯ ಲೆಕ್ಕ

ಸಾರ್ವಜನಿಕ ನೀತಿಯ ತರಗತಿಯಲ್ಲಿ ವೆಚ್ಚ-ಲಾಭ ವಿಶ್ಲೇಷಣೆಯ ಅಸೈನ್‌ಮೆಂಟ್ ತಪ್ಪುವುದು ಗುಣಾಕಾರ, ಭಾಗಾಕಾರದಲ್ಲಿ ಅಲ್ಲ. ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಡಿಸ್ಕೌಂಟ್ ದರ ಎಂದರೇನು, ಅದು ಏನನ್ನು ಲೆಕ್ಕಕ್ಕೆ ತರುತ್ತದೆ, ಏನನ್ನು ತರುವುದಿಲ್ಲ ಎಂಬಲ್ಲಿ ಎಡವಿರುತ್ತಾರೆ. ಆಗ ಒಳ್ಳೆಯ ಯೋಜನೆ ಬಿದ್ದುಹೋಗುತ್ತದೆ, ಇಲ್ಲವೇ ಕೆಟ್ಟ ಯೋಜನೆ ಪಾಸಾಗುತ್ತದೆ. ಪದೇ ಪದೇ ಕಾಣುವ ಐದು ತಪ್ಪು ಕಲ್ಪನೆಗಳನ್ನು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಒಂದು ಊರಿನ ಕೆರೆಯ ಹೂಳು ತೆಗೆದು, ತೂಬು ಮತ್ತು ಕೋಡಿ ದುರಸ್ತಿ ಮಾಡಲು ಇಂದು 100 ಲಕ್ಷ ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಅಚ್ಚುಕಟ್ಟಿನ ಹೆಚ್ಚುವರಿ ಬೆಳೆ, ಕೊಳವೆಬಾವಿಗಳಿಗೆ ಇಳಿಯುವ ನೀರು ಎಲ್ಲ ಸೇರಿ ಮುಂದಿನ 10 ವರ್ಷ, ಪ್ರತಿ ವರ್ಷದ ಕೊನೆಗೆ 16 ಲಕ್ಷದಷ್ಟು ಲಾಭ. ಈ 16 ಲಕ್ಷವನ್ನು ಇಂದಿನ ಬೆಲೆಯಲ್ಲೇ ಅಳೆದಿದೆ. ಪ್ರಶ್ನೆಪತ್ರಿಕೆ ಕೊಟ್ಟಿರುವ ನೈಜ ಡಿಸ್ಕೌಂಟ್ ದರ ಶೇ. 8.

ಲಾಭವನ್ನು ಸುಮ್ಮನೆ ಕೂಡಿದರೆ 160 ಲಕ್ಷ. ಆದರೆ ಮೊದಲ ವರ್ಷದ 16 ಲಕ್ಷವನ್ನು 1.08ರಿಂದ ಭಾಗಿಸಿದರೆ ಇಂದಿನ ಮೌಲ್ಯ 14.81 ಲಕ್ಷ. ಐದನೇ ವರ್ಷದ್ದನ್ನು 1.08ರ ಐದನೇ ಘಾತದಿಂದ ಭಾಗಿಸಿದರೆ 10.89 ಲಕ್ಷ. ಹತ್ತನೇ ವರ್ಷದ್ದು 7.41 ಲಕ್ಷಕ್ಕೆ ಇಳಿಯುತ್ತದೆ. ಹತ್ತೂ ವರ್ಷದ್ದು ಸೇರಿದರೆ 107.36 ಲಕ್ಷ. ಖರ್ಚು ಕಳೆದರೆ ನಿವ್ವಳ ಇಂದಿನ ಮೌಲ್ಯ 7.36 ಲಕ್ಷ. ಯೋಜನೆ ತುಸುವೇ ಅಂತರದಲ್ಲಿ ಗೆದ್ದಿದೆ. ಇಷ್ಟು ಸಣ್ಣ ಅಂತರ ಇರುವಾಗಲೇ ತಪ್ಪು ಕಲ್ಪನೆಗಳು ದುಬಾರಿಯಾಗುವುದು.

ತಪ್ಪು ಕಲ್ಪನೆ 1: ಹಣದುಬ್ಬರ ಇರುವುದರಿಂದಲೇ ಡಿಸ್ಕೌಂಟ್ ಮಾಡುತ್ತೇವೆ

ಸತ್ಯ: ಬೆಲೆ ಒಂದು ಪೈಸೆ ಏರದಿದ್ದರೂ ಡಿಸ್ಕೌಂಟ್ ಮಾಡಲೇಬೇಕು. ಇಂದು ಕೆರೆಗೆ ಹಾಕುವ 100 ಲಕ್ಷವನ್ನು ರಸ್ತೆಗೋ ಶಾಲೆಗೋ ಹಾಕಿದ್ದರೆ ಅಲ್ಲಿಯೂ ಫಲ ಸಿಗುತ್ತಿತ್ತು. ಆ ಕೈಬಿಟ್ಟ ಫಲಕ್ಕೆ ಲೆಕ್ಕ ಬೇಕು. ಜೊತೆಗೆ, ಜನ ನಾಳೆಯ ಲಾಭಕ್ಕಿಂತ ಇಂದಿನದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಹಣದುಬ್ಬರ ಇವೆರಡಕ್ಕಿಂತ ಬೇರೆಯದೇ ಸಂಗತಿ.

ಅದನ್ನು ಲೆಕ್ಕದಲ್ಲಿ ಸೇರಿಸಿದರೆ ಲಾಭದಲ್ಲೂ ದರದಲ್ಲೂ, ಎರಡೂ ಕಡೆ ಸೇರಿಸಬೇಕು, ಬಿಟ್ಟರೆ ಎರಡೂ ಕಡೆ ಬಿಡಬೇಕು. ವರ್ಷಕ್ಕೆ ಶೇ. 4ರ ಹಣದುಬ್ಬರ ಇದೆ ಎನ್ನೋಣ. 1.08ನ್ನು 1.04ರಿಂದ ಗುಣಿಸಿದರೆ 1.1232, ಅಂದರೆ ಹಣದುಬ್ಬರ ಸೇರಿದ ದರ ಶೇ. 12.32. ಹತ್ತನೇ ವರ್ಷದ 16 ಲಕ್ಷ, ಬೆಲೆ ಏರಿಕೆಯೊಂದಿಗೆ 23.68 ಲಕ್ಷವಾಗುತ್ತದೆ. ಅದನ್ನು 1.1232ರ ಹತ್ತನೇ ಘಾತದಿಂದ ಭಾಗಿಸಿ ನೋಡಿ, ಮತ್ತೆ ಅದೇ 7.41 ಲಕ್ಷ ಬರುತ್ತದೆ. ಎರಡು ದಾರಿ, ಉತ್ತರ ಒಂದೇ.

ಅಸೈನ್‌ಮೆಂಟ್‌ಗಳಲ್ಲಿ ನಡೆಯುವ ಅನಾಹುತವೆಂದರೆ ಈ ಎರಡು ದಾರಿಗಳನ್ನು ಬೆರೆಸುವುದು. ಲಾಭವನ್ನು ಇಂದಿನ ಬೆಲೆಯಲ್ಲಿ 16 ಲಕ್ಷ ಎಂದೇ ಇಟ್ಟು, ದರವನ್ನು ಮಾತ್ರ ಬ್ಯಾಂಕಿನ ಸಾಲದ ಬಡ್ಡಿ ನೋಡಿ ಹಾಕಿಬಿಡುತ್ತಾರೆ. ಬ್ಯಾಂಕ್ ಬಡ್ಡಿಯಲ್ಲಿ ಹಣದುಬ್ಬರ ಆಗಲೇ ಸೇರಿರುತ್ತದೆ. ನಮ್ಮ ಕೆರೆಗೆ ಶೇ. 12.32 ಹಾಕಿದರೆ ಲಾಭದ ಇಂದಿನ ಮೌಲ್ಯ 89.23 ಲಕ್ಷಕ್ಕೆ ಕುಸಿದು, 10.77 ಲಕ್ಷ ನಷ್ಟ ತೋರಿಸುತ್ತದೆ. ಕೆರೆಯಲ್ಲಿ ಏನೂ ಬದಲಾಗಿಲ್ಲ, ಆದರೂ ಯೋಜನೆ ತಿರಸ್ಕೃತ. ಇದನ್ನು ಪತ್ತೆ ಹಚ್ಚುವುದು ಸುಲಭ: ನೈಜ ದರವನ್ನು ಹಾಗೇ ಇಟ್ಟು, ಹಣದುಬ್ಬರದ ಅಂಕಿಯನ್ನಷ್ಟೇ 4ರಿಂದ 6ಕ್ಕೆ ಬದಲಿಸಿ. ಎಲ್ಲ ಬೆಲೆಗಳೂ ಒಂದೇ ಪ್ರಮಾಣದಲ್ಲಿ ಏರುವ ಲೆಕ್ಕದಲ್ಲಿ ನಿವ್ವಳ ಮೌಲ್ಯ ಅಲುಗಾಡಬಾರದು. ಅಲುಗಾಡಿದರೆ ಎಲ್ಲೋ ಬೆರಕೆಯಾಗಿದೆ.

ತಪ್ಪು ಕಲ್ಪನೆ 2: ಎಕ್ಸೆಲ್‌ನ NPV ಸೂತ್ರ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ

ಸತ್ಯ: ಆ ಸೂತ್ರ ತನಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ. B2ರಲ್ಲಿ −100, B3ರಿಂದ B12ರ ತನಕ 16 ಎಂದು ತುಂಬಿದ್ದೀರಿ ಎನ್ನಿ.

```
=NPV(8%,B2:B12)       → 6.82
=B2+NPV(8%,B3:B12)    → 7.36
```

ಮೊದಲನೆಯದು ಇಂದೇ ಖರ್ಚಾಗುವ 100 ಲಕ್ಷವನ್ನೂ ಒಂದು ವರ್ಷ ಮುಂದಕ್ಕೆ ತಳ್ಳಿದೆ. ಎಲ್ಲವೂ ಒಂದೇ ಸಮ 1.08ರಿಂದ ಭಾಗವಾಗಿರುವುದರಿಂದ ಲಾಭ ಇಲ್ಲಿ ನಷ್ಟವಾಗಿ ಕಾಣುವುದಿಲ್ಲ, ಮೊತ್ತವಷ್ಟೇ ತಗ್ಗುತ್ತದೆ. ಆದ್ದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಲಾಭವನ್ನು ಶೂನ್ಯ ವರ್ಷದಿಂದಲೇ ಬರೆಯತೊಡಗುವುದು. ಹೂಳು ತೆಗೆಯುವುದು ಬೇಸಿಗೆಯಲ್ಲಿ, ಕೆರೆ ಒಣಗಿದಾಗ. ನೀರು ಬರಬೇಕಾದರೆ ಮಳೆಗಾಲ ಬರಬೇಕು, ಬೆಳೆ ಕೈಗೆ ಸಿಗುವುದು ಅದಾದ ಮೇಲೆ. ಇದನ್ನು ಮರೆತು ಮೊದಲ ಲಾಭವನ್ನು ಖರ್ಚಿನ ಸಾಲಿನಲ್ಲೇ ಕೂರಿಸಿದರೆ ನಿವ್ವಳ ಮೌಲ್ಯ 7.36ರಿಂದ 15.95 ಲಕ್ಷಕ್ಕೆ ಏರುತ್ತದೆ. ಒಂದೇ ವರ್ಷದ ಎಡವಟ್ಟಿಗೆ ಎರಡರಷ್ಟಕ್ಕೂ ಹೆಚ್ಚು. ಸೂತ್ರ ಬರೆಯುವ ಮೊದಲು ಯಾವ ಹಣ ಯಾವ ತಿಂಗಳಲ್ಲಿ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದು ಗುರುತು ಮಾಡಿಕೊಳ್ಳಿ.

ತಪ್ಪು ಕಲ್ಪನೆ 3: ಸಾಲ ತಂದಿದ್ದರೆ ಅದರ ಬಡ್ಡಿಯನ್ನೂ ವೆಚ್ಚದಲ್ಲಿ ಸೇರಿಸಬೇಕು

ಸತ್ಯ: ಸೇರಿಸಿದರೆ ಒಂದೇ ವೆಚ್ಚವನ್ನು ಎರಡು ಸಲ ಎಣಿಸಿದಂತೆ. 100 ಲಕ್ಷವನ್ನು ಶೇ. 8ರ ನೈಜ ಬಡ್ಡಿಗೆ ತಂದು 10 ಸಮ ಕಂತುಗಳಲ್ಲಿ ತೀರಿಸಿದರೆ ಪ್ರತಿ ಕಂತು 14.90 ಲಕ್ಷ, ಒಟ್ಟು 149 ಲಕ್ಷ. ಈ ಹತ್ತು ಕಂತುಗಳನ್ನು ಶೇ. 8ರಲ್ಲಿ ಇಂದಿಗೆ ತಂದರೆ ಸರಿಯಾಗಿ 100 ಲಕ್ಷವೇ ಬರುತ್ತದೆ. ಅಂದರೆ ಬಡ್ಡಿ ತೆರುವ ಭಾರವನ್ನು ಡಿಸ್ಕೌಂಟ್ ದರ ಆಗಲೇ ಹೊತ್ತಿದೆ.

ಇಂದಿನ 100 ಲಕ್ಷವನ್ನು ವೆಚ್ಚವೆಂದು ಬರೆದು, ಕೆಳಗೆ ವರ್ಷ ವರ್ಷದ ಬಡ್ಡಿಯನ್ನೂ ಬರೆದರೆ ಇಂದಿನ ಮೌಲ್ಯದಲ್ಲಿ 36.08 ಲಕ್ಷದ ಹೆಚ್ಚುವರಿ ಹೊರೆ ಬೀಳುತ್ತದೆ. 7.36 ಲಕ್ಷದ ಲಾಭ 28.72 ಲಕ್ಷದ ನಷ್ಟವಾಗುತ್ತದೆ. ಸವಕಳಿಯ ವಿಷಯದಲ್ಲೂ ಹೀಗೆಯೇ. ತೂಬಿನ ಗೇಟಿಗೆ ಇಂದೇ ಪೂರ್ತಿ ಹಣ ಬರೆದ ಮೇಲೆ, ವರ್ಷ ವರ್ಷದ ಸವಕಳಿಯನ್ನು ಮತ್ತೆ ಬರೆಯುವಂತಿಲ್ಲ. ಆದರೆ ಆರನೇ ವರ್ಷ ಗೇಟು ಬದಲಿಸಲೇಬೇಕಾದರೆ ಆ ಖರ್ಚು ನಿಜವಾದದ್ದು. ಅದನ್ನು ಆರನೇ ವರ್ಷದಲ್ಲೇ ಬರೆಯಬೇಕು.

ತಪ್ಪು ಕಲ್ಪನೆ 4: ದರ ಹೆಚ್ಚಿದ್ದಷ್ಟೂ ಪರೀಕ್ಷೆ ಕಟ್ಟುನಿಟ್ಟು

ಸತ್ಯ: ಖರ್ಚು ಮೊದಲು, ಲಾಭ ನಂತರ ಇರುವ ಕೆರೆಯಂಥ ಯೋಜನೆಗೆ ಮಾತ್ರ ಇದು ಸರಿ. ಶೇ. 12ರ ನೈಜ ದರ ಹಾಕಿದರೆ ನಮ್ಮ ಕೆರೆ 9.60 ಲಕ್ಷದ ನಷ್ಟ ತೋರಿಸುತ್ತದೆ, ನಿಜ. ಆದರೆ ಲಾಭ ಮೊದಲು ಬಂದು, ದೊಡ್ಡ ಖರ್ಚು ಕೊನೆಗೆ ಬರುವ ಯೋಜನೆಯಲ್ಲಿ ದರ ಏರಿದಂತೆ ಪರೀಕ್ಷೆ ಸಡಿಲವಾಗುತ್ತದೆ.

ಒಂದು ಕಲ್ಲು ಕ್ವಾರಿ ತೆಗೆದುಕೊಳ್ಳಿ. 30ನೇ ವರ್ಷದಲ್ಲಿ ಗುಂಡಿ ಮುಚ್ಚಿ, ಮಣ್ಣು ಹಾಸಿ, ಗಿಡ ನೆಡಲು 300 ಲಕ್ಷ ಬೇಕು ಎನ್ನೋಣ. ಶೇ. 3ರಲ್ಲಿ ಆ ಹೊಣೆಯ ಇಂದಿನ ಮೌಲ್ಯ ಸುಮಾರು 124 ಲಕ್ಷ. ಶೇ. 8ರಲ್ಲಿ ಸುಮಾರು 30 ಲಕ್ಷ. ಶೇ. 12ರಲ್ಲಿ ಬರೀ 10 ಲಕ್ಷ. ದರ ಏರಿಸಿದವರು ತಾವು ಎಚ್ಚರಿಕೆ ವಹಿಸಿದೆವು ಎಂದುಕೊಂಡಿರುತ್ತಾರೆ, ಆದರೆ ಊರಿನವರ ಪಾಲಿನ ಗುಂಡಿ ಲೆಕ್ಕದಿಂದಲೇ ಮಾಯವಾಗಿರುತ್ತದೆ.

"ಮಳೆ ಬರುತ್ತದೋ ಇಲ್ಲವೋ, ಅಪಾಯ ಜಾಸ್ತಿ, ಅದಕ್ಕೆ ದರದಲ್ಲಿ ಎರಡು ಪಾಯಿಂಟ್ ಸೇರಿಸಿದ್ದೇನೆ" ಎಂದು ಬರೆಯುವುದು ಸರಿಯಲ್ಲ ಎನ್ನುವುದೂ ಇದೇ ಕಾರಣಕ್ಕೆ. ಬರಗಾಲದ ಭಯ ಇದ್ದರೆ ಅದನ್ನು 16 ಲಕ್ಷದ ಅಂಕಿಯಲ್ಲೇ ತೋರಿಸಿ. ಐದು ವರ್ಷಕ್ಕೊಮ್ಮೆ ಕೆರೆ ತುಂಬದಿದ್ದರೆ, ಆ ವರ್ಷ ಲಾಭವೇ ಇಲ್ಲದಿದ್ದರೆ, ಸರಾಸರಿ ಲಾಭ 12.8 ಲಕ್ಷ. ಆಗ ಇಂದಿನ ಮೌಲ್ಯ ಸುಮಾರು 86 ಲಕ್ಷಕ್ಕೆ ಇಳಿದು ಯೋಜನೆ ಬೀಳುತ್ತದೆ. ಯಾಕೆ ಬಿತ್ತು ಎಂಬುದು ಓದುವವರಿಗೂ ಸ್ಪಷ್ಟವಾಗಿ ತಿಳಿಯುತ್ತದೆ.

ತಪ್ಪು ಕಲ್ಪನೆ 5: ಡಿಸ್ಕೌಂಟ್ ಮಾಡುವುದೆಂದರೆ ಮೊಮ್ಮಕ್ಕಳಿಗೆ ಬೆಲೆ ಇಲ್ಲ ಎಂದಂತೆ

ಸತ್ಯ: ದರದಲ್ಲಿ ಬೇರೆ ಬೇರೆ ಅಂಶಗಳಿವೆ, ಅವುಗಳನ್ನು ಬಿಡಿಸಿ ನೋಡಬೇಕು. ಬ್ರಿಟಿಷ್ ಖಜಾನೆಯ ಮಾರ್ಗದರ್ಶಿ 'ಗ್ರೀನ್ ಬುಕ್' ಶೇ. 3.5ರ ನೈಜ ದರವನ್ನು ಹೀಗೆ ಕಟ್ಟಿದೆ: ಇಂದೇ ಬೇಕೆಂಬ ಆತುರಕ್ಕೆ 0.5, ಎಲ್ಲವನ್ನೂ ತಲೆಕೆಳಗು ಮಾಡುವ ಮಹಾ ವಿಪತ್ತಿನ ಸಾಧ್ಯತೆಗೆ 1, ಮುಂದಿನವರು ನಮಗಿಂತ ಶ್ರೀಮಂತರಾಗಿರುತ್ತಾರೆ ಎಂಬುದಕ್ಕೆ 2. ದೊಡ್ಡ ಪಾಲು ಈ ಕೊನೆಯದ್ದು. ಉಳ್ಳವನಿಗೆ ಸಿಗುವ ಇನ್ನೊಂದು ರೂಪಾಯಿಗಿಂತ ಇಲ್ಲದವನಿಗೆ ಸಿಗುವ ರೂಪಾಯಿ ದೊಡ್ಡದು ಎಂಬ ನ್ಯಾಯವೇ ಅದರ ಹಿಂದೆ ಇದೆ. 30 ವರ್ಷ ದಾಟಿದ ಮೇಲೆ ಗ್ರೀನ್ ಬುಕ್ ದರವನ್ನು ಶೇ. 3ಕ್ಕೆ, ಮತ್ತೂ ಮುಂದಕ್ಕೆ ಇನ್ನೂ ಕೆಳಕ್ಕೆ ಇಳಿಸುತ್ತದೆ.

ನಿಜವಾದ ಜಗಳ ಇರುವುದು ಈ ಅಂಶಗಳಿಗೆ ಯಾವ ಅಂಕಿ ಇಡಬೇಕು ಎಂಬಲ್ಲಿ. ಹವಾಮಾನ ಬದಲಾವಣೆ ಕುರಿತ 2006ರ ವರದಿಯಲ್ಲಿ ನಿಕೊಲಸ್ ಸ್ಟರ್ನ್ ಆತುರಕ್ಕೆ ಬಹುತೇಕ ಬೆಲೆಯನ್ನೇ ಕೊಡಲಿಲ್ಲ. ಅವರ ದರ ಸುಮಾರು ಶೇ. 1.4. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ ಮಾರುಕಟ್ಟೆಯಲ್ಲಿ ಕಾಣುವ ಪ್ರತಿಫಲಕ್ಕೆ ಹೊಂದುವ, ಇದಕ್ಕಿಂತ ಬಹಳ ಎತ್ತರದ ದರ ಬೇಕೆಂದರು. ನೂರು ವರ್ಷದ ನಂತರದ 1000 ಕೋಟಿ ಹಾನಿ ಶೇ. 1.4ರಲ್ಲಿ ಇಂದಿಗೆ ಸುಮಾರು 249 ಕೋಟಿ, ಶೇ. 5.5ರಲ್ಲಿ 5 ಕೋಟಿಗೂ ಕಡಿಮೆ. ಯಾವ ಕ್ಯಾಲ್ಕುಲೇಟರೂ ಈ ಜಗಳ ತೀರಿಸುವುದಿಲ್ಲ. ಅದಕ್ಕೇ ನೀವು ಆರಿಸಿದ ದರಕ್ಕೆ ಕಾರಣ ಬರೆಯಬೇಕು.

ಅಸೈನ್‌ಮೆಂಟ್ ಒಪ್ಪಿಸುವ ಮೊದಲು ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆಯಿರಿ: ಬೆಲೆಗಳು ಯಾವ ವರ್ಷದವು, ದರ ನೈಜವೋ ಹಣದುಬ್ಬರ ಸೇರಿದ್ದೋ, ಶೂನ್ಯ ವರ್ಷ ಯಾವುದು, ಯಾವ ದರಕ್ಕೆ ತೀರ್ಪು ತಿರುಗುತ್ತದೆ. ನಮ್ಮ ಕೆರೆಯ ತೀರ್ಪು ಶೇ. 9.6ರ ಆಸುಪಾಸಿನಲ್ಲಿ ತಿರುಗುತ್ತದೆ. ಬರೀ "ಯೋಜನೆ ಲಾಭದಾಯಕ" ಎಂಬ ಉತ್ತರಕ್ಕಿಂತ, ನಿರ್ಧಾರ ಮಾಡಬೇಕಾದವರಿಗೆ ಉಪಯೋಗಕ್ಕೆ ಬರುವುದು ಆ ಒಂದು ಅಂಕಿಯೇ.