ಯೂರಿಯಾ ಮತ್ತು ರಾಗಿ: ಲೆಕ್ಕದ ಗೆರೆ ಎಲ್ಲಿಯವರೆಗೆ ನಂಬಬಹುದು?

ಗೊಬ್ಬರ ಹೆಚ್ಚಿಸಿದಂತೆ ಬೆಳೆ ಎಷ್ಟು ಹೆಚ್ಚುತ್ತದೆ? ಇದನ್ನು ತಿಳಿಯಲು ಕೃಷಿ ಕಾಲೇಜಿನ ಮಕ್ಕಳು ‘ರಿಗ್ರೆಶನ್’ ಮತ್ತು ‘ಕೋರಿಲೇಶನ್’ ಎಂಬ ಎರಡು ಲೆಕ್ಕಗಳನ್ನು ಕಲಿಯುತ್ತಾರೆ. ಮೊದಲನೆಯದು ಗೊಬ್ಬರಕ್ಕೆ ತಕ್ಕಂತೆ ಇಳುವರಿ ಹೇಗೆ ಏರುತ್ತದೆಂದು ತೋರಿಸುವ ಗೆರೆ. ಎರಡನೆಯದು, ಅಂದರೆ ಸಹಸಂಬಂಧ, ಅಂಕಿಗಳು ಆ ಗೆರೆಗೆ ಎಷ್ಟು ಹತ್ತಿರ ಇವೆ ಎಂಬುದರ ಅಳತೆ. ಹೊಸೂರು, ತಾಳವಾಡಿ ಕಡೆಯ ರಾಗಿ ಹೊಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಇವುಗಳನ್ನು ಮಾಡಿ ನೋಡೋಣ.

ಒಂದೇ ಹೊಲದಲ್ಲಿ ಒಂದೊಂದು ಸೆಂಟಿನ 15 ಮಡಿಗಳನ್ನು ಮಾಡಬೇಕು. ಎಕರೆಗೆ 0, 10, 20, 30, 40 ಕಿಲೋ ಸಾರಜನಕ ಎಂದು ಐದು ಪ್ರಮಾಣ. ಒಂದೊಂದಕ್ಕೆ ಮೂರು ಮಡಿ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರುವುದರಿಂದ, ಎಕರೆಗೆ 10 ಕಿಲೋ ಎಂದರೆ ಸೆಂಟಿಗೆ ಸುಮಾರು 217 ಗ್ರಾಂ ಯೂರಿಯಾ. ಬೀಜ, ಕೊಟ್ಟಿಗೆ ಗೊಬ್ಬರ, ಬಿತ್ತನೆಯ ದಿನ, ಕಳೆ ತೆಗೆಯುವುದು ಎಲ್ಲವೂ ಎಲ್ಲ ಮಡಿಗಳಿಗೂ ಒಂದೇ ಇರಲಿ. ನೀರಿನೊಂದಿಗೆ ಯೂರಿಯಾ ಪಕ್ಕದ ಮಡಿಗೆ ಹರಿಯದಂತೆ ನಡುವೆ ಬದು ಬೇಕು.

ಯಾವ ಮಡಿಗೆ ಯಾವ ಪ್ರಮಾಣ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ನಾವೇ ಆರಿಸಿದರೆ ಫಲವತ್ತಾದ ಮೂಲೆಗೆ ಹೆಚ್ಚು ಗೊಬ್ಬರ ಬಿದ್ದು, ಮಣ್ಣಿನ ಗುಣವನ್ನು ಯೂರಿಯಾದ ಗುಣವೆಂದು ತಿಳಿದುಬಿಡುತ್ತೇವೆ. ಬೇರೆ ಬೇರೆ ರೈತರ ಹೊಲಗಳನ್ನು ಹೋಲಿಸುವುದರಲ್ಲೂ ಇದೇ ತೊಡಕು. ಹೆಚ್ಚು ಯೂರಿಯಾ ಹಾಕುವವರಿಗೆ ಬಾವಿಯ ನೀರೂ ಇದ್ದರೆ, ಬೆಳೆ ಹೆಚ್ಚಿಸಿದ್ದು ಯೂರಿಯಾವೋ ನೀರೋ ಎಂದು ಲೆಕ್ಕ ಹೇಳಲಾರದು. ಹೊಲದ ಪ್ರಯೋಗಗಳಲ್ಲಿ ಈ ಚೀಟಿಯ ಕ್ರಮವನ್ನು ನೆಲೆಗೊಳಿಸಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ಆರ್.ಎ. ಫಿಶರ್.

ಕೊಯ್ದು, ಒಣಗಿಸಿ, ತೂಗಿದ ಮೇಲೆ ಮೂರು ಮಡಿಗಳ ಸರಾಸರಿ ಕ್ರಮವಾಗಿ 5, 8, 10, 11, 11 ಕಿಲೋ ಬಂತೆಂದು ಇಟ್ಟುಕೊಳ್ಳೋಣ. ಇವು ಲೆಕ್ಕ ಕಲಿಯಲು ನಾವೇ ಆರಿಸಿದ ಅಂಕಿಗಳು. ಎಕರೆಗೆ 100 ಸೆಂಟು. ಆದ್ದರಿಂದ ಸೆಂಟಿಗೆ 5 ಕಿಲೋ ಎಂದರೆ ಎಕರೆಗೆ 5 ಕ್ವಿಂಟಾಲ್.

ಗೊಬ್ಬರದ ಸರಾಸರಿ 20, ಇಳುವರಿಯ ಸರಾಸರಿ 9. ಪ್ರತಿ ಅಂಕಿಯೂ ತನ್ನ ಸರಾಸರಿಯಿಂದ ಎಷ್ಟು ದೂರ ಎಂದು ಬರೆಯಿರಿ:

ಗೊಬ್ಬರ: −20, −10, 0, 10, 20
ಇಳುವರಿ: −4, −1, 1, 2, 2

ಮೇಲೆ ಕೆಳಗೆ ಇರುವ ಜೋಡಿಗಳನ್ನು ಗುಣಿಸಿ ಕೂಡಿದರೆ 150. ಗೊಬ್ಬರದ ಸಾಲಿನ ವರ್ಗಗಳ ಮೊತ್ತ 1000. 150ನ್ನು 1000ದಿಂದ ಭಾಗಿಸಿದರೆ 0.15. ಅಂದರೆ ಒಂದು ಕಿಲೋ ಸಾರಜನಕಕ್ಕೆ 0.15 ಕ್ವಿಂಟಾಲ್, ಹದಿನೈದು ಕಿಲೋ ರಾಗಿ ಹೆಚ್ಚು. ಗೆರೆ ಎಲ್ಲಿಂದ ಹೊರಡುತ್ತದೆ? 9ರಿಂದ 0.15 × 20 ಕಳೆದರೆ 6. ಹಾಗಾಗಿ ನಮ್ಮ ಗೆರೆ:

ಇಳುವರಿ = 6 + 0.15 × ಸಾರಜನಕ

ಇನ್ನು ಸಹಸಂಬಂಧ. ಇಳುವರಿಯ ಸಾಲಿನ ವರ್ಗಗಳ ಮೊತ್ತ 26. ಅದನ್ನು 1000ದಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 161. 150ನ್ನು 161ರಿಂದ ಭಾಗಿಸಿದರೆ 0.93. ಈ ಅಂಕಿ 1ನ್ನು ಮೀರುವುದಿಲ್ಲ. 1 ಬಂದರೆ ಎಲ್ಲ ಅಂಕಿಗಳೂ ಏರುವ ಗೆರೆಯ ಮೇಲೆಯೇ ಇವೆ ಎಂದರ್ಥ. ಹಾಗಿದ್ದರೆ 0.93 ಬಹಳ ಒಳ್ಳೆಯದಲ್ಲವೇ?

ಇಲ್ಲೇ ಎಚ್ಚರ ಬೇಕು. ಗೆರೆಯ ಪ್ರಕಾರ ಇಳುವರಿ 6, 7.5, 9, 10.5, 12 ಬರಬೇಕಿತ್ತು. ಬಂದದ್ದು 5, 8, 10, 11, 11. ಎರಡು ತುದಿಗಳಲ್ಲೂ ಒಂದೊಂದು ಕಡಿಮೆ, ನಡುವಿನ ಮೂರರಲ್ಲೂ ಹೆಚ್ಚು. ಹೆಚ್ಚುಕಡಿಮೆಗಳು ಕ್ರಮವಿಲ್ಲದೆ ಚದುರಿದ್ದರೆ ನೇರ ಗೆರೆ ಸರಿ ಎನ್ನಬಹುದಿತ್ತು. ಹೀಗೆ ತುದಿಗಳಲ್ಲಿ ತಗ್ಗಿ ನಡುವೆ ಉಬ್ಬಿದರೆ, ಬೆಳೆ ಬಿಲ್ಲಿನಂತೆ ಬಾಗಿದೆ ಎಂದರ್ಥ. ಈ ಬಾಗನ್ನು 0.93 ಎಂಬ ಒಂದೇ ಅಂಕಿ ಮುಚ್ಚಿಡುತ್ತದೆ.

ಈ ಗೆರೆಯನ್ನೇ ನಂಬಿ 60 ಕಿಲೋ ಸಾರಜನಕ ಹಾಕಿದರೆ 15 ಕ್ವಿಂಟಾಲ್ ಬರುತ್ತದೆಂದು ಲೆಕ್ಕ ಹೇಳುತ್ತದೆ. ಆದರೆ 40ರ ಆಚೆ ನಾವು ಏನನ್ನೂ ಅಳೆದಿಲ್ಲ. ಅಷ್ಟು ಸಾರಜನಕಕ್ಕೆ ರಾಗಿ ಸೊಕ್ಕಿ ಬೆಳೆದು ಗಾಳಿಗೆ ನೆಲಕ್ಕೊರಗಬಹುದು, ಬೆಂಕಿ ರೋಗವೂ ಹೆಚ್ಚಬಹುದು.

ಅಳೆದ ಅಂಕಿಗಳನ್ನೇ ಒಂದೊಂದು ಮೆಟ್ಟಿಲಾಗಿ ನೋಡಿ. ಮೊದಲ 10 ಕಿಲೋ ಸಾರಜನಕಕ್ಕೆ 3 ಕ್ವಿಂಟಾಲ್ ಹೆಚ್ಚಾಯಿತು, ಎರಡನೆಯದಕ್ಕೆ 2, ಮೂರನೆಯದಕ್ಕೆ 1, ನಾಲ್ಕನೆಯದಕ್ಕೆ ಏನೂ ಇಲ್ಲ. ಒಂದೊಂದು ಮೆಟ್ಟಿಲಿಗೂ ಎಕರೆಗೆ ಸುಮಾರು 22 ಕಿಲೋ ಯೂರಿಯಾ ಬೇಕು. ಕೊನೆಯ 22 ಕಿಲೋ ಈ ಹೊಲದಲ್ಲಿ ದಂಡ. ಮೂರನೆಯ ಮೆಟ್ಟಿಲು ಹತ್ತಬೇಕೇ ಎಂಬುದಕ್ಕೆ, ಒಂದು ಕ್ವಿಂಟಾಲ್ ರಾಗಿಯ ಬೆಲೆಯನ್ನೂ ಆ ಯೂರಿಯಾದ ಬೆಲೆ ಮತ್ತು ಕೂಲಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಒಂದು ವರ್ಷದ ಲೆಕ್ಕ ಆ ವರ್ಷದ ಮಳೆಯ ಲೆಕ್ಕವೂ ಹೌದು. ಮಳೆ ಕೈಕೊಟ್ಟ ವರ್ಷ ಬಿಲ್ಲು ಇನ್ನೂ ಬೇಗ ಬಾಗುತ್ತದೆ. ಅದೇ ಹೊಲದಲ್ಲಿ ಎರಡು ಮೂರು ಮಳೆಗಾಲ ಇದೇ ಪ್ರಯೋಗ ಮಾಡಿ, ಪ್ರತಿ ಸಲವೂ ಗೆರೆಯಿಂದಾದ ಹೆಚ್ಚುಕಡಿಮೆಯನ್ನು ಬರೆದಿಟ್ಟ ಮೇಲೆಯೇ ಆ ಹೊಲಕ್ಕೆ ಇಷ್ಟು ಯೂರಿಯಾ ಸಾಕು ಎಂದು ನಿರ್ಧರಿಸಬಹುದು.