ಶಾಲೆಗೆ ಮರಳುವ ಸಣ್ಣ ಮೆಟ್ಟಿಲುಗಳು

ಭಾನುವಾರ ರಾತ್ರಿಯಿಂದಲೇ ಹೊಟ್ಟೆನೋವು. ಬೆಳಿಗ್ಗೆ ಯೂನಿಫಾರಂ ಕಂಡರೆ ವಾಂತಿ. ‘ಇವತ್ತು ಬೇಡ ಬಿಡು’ ಎಂದರೆ ಸ್ವಲ್ಪ ಹೊತ್ತಿಗೆ ಮಗು ಆಡುತ್ತಿರುತ್ತದೆ. ಇದನ್ನು ನಾಟಕ ಎನ್ನುವುದು ಅನ್ಯಾಯ. ಆತಂಕದಿಂದ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಆದರೆ ಮನೆಯಲ್ಲಿ ಉಳಿದಾಗ ಸಿಗುವ ನಿರಾಳವೇ ಮರುದಿನದ ಭಯವನ್ನು ಬಲಪಡಿಸುತ್ತದೆ.

ಮೊದಲು ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ, ಓದು ಬರಹವೇ ಕಷ್ಟವಾಗಿದೆಯೇ ಎಂದು ವಿಚಾರಿಸಿ. ಅಂಥ ಕಾರಣವಿದ್ದರೆ ಅದನ್ನು ಸರಿಪಡಿಸದೆ ಮಗುವನ್ನು ದೂಡಬಾರದು.

ಮೂರು ವಾರದಿಂದ ಮನೆಯಲ್ಲಿರುವ ನಾಲ್ಕನೇ ತರಗತಿಯ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳು, ಪೋಷಕರು, ಶಿಕ್ಷಕಿ ಒಟ್ಟಿಗೆ ಕೂತು ಪ್ರತಿ ಸನ್ನಿವೇಶದ ಭಯಕ್ಕೂ ಹತ್ತರಲ್ಲಿ ಅಂಕ ಕೊಡುತ್ತಾರೆ. ಸಂಜೆಯ ಖಾಲಿ ತರಗತಿಗೆ ಎರಡು, ಚಿತ್ರಕಲೆಯ ಪೀರಿಯಡ್‌ಗೆ ನಾಲ್ಕು, ಊಟದವರೆಗೆ ಇರುವುದಕ್ಕೆ ಆರು, ಬೆಳಗಿನ ಪ್ರಾರ್ಥನೆಯ ಸಾಲಿಗೆ ಒಂಬತ್ತು. ಹತ್ತುವುದೂ ಅದೇ ಕ್ರಮದಲ್ಲಿ. ಪ್ರಾರ್ಥನೆ ಕೊನೆಗೆ.

ಗೇಟಿನಲ್ಲಿ ದಿನವೂ ಅದೇ ಶಿಕ್ಷಕಿ ಕೈಹಿಡಿಯಲಿ, ಅಪ್ಪನ ವಿದಾಯ ಚಿಕ್ಕದಾಗಿರಲಿ. ನಡುವೆ ಅತ್ತರೆ ಮನೆಗೆ ಫೋನ್ ಮಾಡುವ ಬದಲು ಗ್ರಂಥಾಲಯದಲ್ಲಿ ಹತ್ತು ನಿಮಿಷ ಕೂರಿಸಿ ಮತ್ತೆ ತರಗತಿಗೆ ಕರೆತನ್ನಿ. ಭಯ ತುತ್ತತುದಿಯಲ್ಲಿದ್ದಾಗ ಹೊರಟರೆ ಕಲಿತದ್ದೆಲ್ಲ ಸಡಿಲವಾಗುತ್ತದೆ. ಶಾಲಾ ಸಮಯದಲ್ಲಿ ಮನೆಯಲ್ಲಿ ಟಿ.ವಿ., ಮೊಬೈಲ್ ಬೇಡ. ಒಂದೇ ಮೆಟ್ಟಿಲಲ್ಲಿ ಕೆಲವು ದಿನ ಸಿಕ್ಕಿಕೊಂಡರೆ ಆ ಮೆಟ್ಟಿಲು ಎತ್ತರವಾಯಿತೆಂದೇ ಅರ್ಥ. ಅದನ್ನು ಎರಡಾಗಿ ಒಡೆಯಿರಿ, ಯೋಜನೆ ಕೈಬಿಡಬೇಡಿ.

ಆದರೂ ಮಗು ಕದಲದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.