ಕಾವಲಿಗೆ ದೋಸೆ ಅಂಟುತ್ತಿದೆಯೇ? ಎಸೆಯುವ ಮೊದಲು ನೋಡಿ

ಹೊಸದರಲ್ಲಿ ತಾನಾಗಿ ಏಳುತ್ತಿದ್ದ ದೋಸೆ ಕ್ರಮೇಣ ನಾನ್‌ಸ್ಟಿಕ್ ಕಾವಲಿಗೆ ಕಚ್ಚಿಕೊಳ್ಳತೊಡಗಿದರೆ ‘ಕೋಟಿಂಗ್ ಹೋಯಿತು’ ಎಂದುಕೊಂಡು ಹೊಸದನ್ನು ತರುವವರೇ ಹೆಚ್ಚು. ಎಷ್ಟೋ ಸಲ ಕೋಟಿಂಗ್ ಎಲ್ಲಿಗೂ ಹೋಗಿರುವುದಿಲ್ಲ. ಅದರ ಮೇಲೆ ಸುಟ್ಟ ಎಣ್ಣೆಯ ಪದರವೊಂದು ಕೂತಿರುತ್ತದೆ, ಅಷ್ಟೇ.

ಕಾವಲಿಯನ್ನು ತೊಳೆದು ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ದೋಸೆಯ ಸುತ್ತ ಎಣ್ಣೆ ಬಿಡುವ ಜಾಗದಲ್ಲಿ, ಅಂದರೆ ಅಂಚಿನ ಉದ್ದಕ್ಕೂ, ಹಳದಿ-ಕಂದು ಬಣ್ಣದ ಕಲೆಗಳು ಕಾಣುತ್ತವೆ. ತಣ್ಣಗಿರುವಾಗ ಬೆರಳಿಟ್ಟರೆ ಜಿಗುಟು. ಸೂರ್ಯಕಾಂತಿಯಂಥ ಎಣ್ಣೆ ತೆಳುವಾಗಿ ಹರಡಿಕೊಂಡು ಮತ್ತೆ ಮತ್ತೆ ಕಾದಾಗ, ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ವಾರ್ನಿಷ್‌ನಂತಾಗುತ್ತವೆ. ಹಸಿ ಎಣ್ಣೆಯನ್ನು ತೆಗೆಯುವ ಸೋಪು ಈ ಪದರವನ್ನು ಅಲುಗಿಸುವುದಿಲ್ಲ.

ಕಬ್ಬಿಣದ ಕಾವಲಿಯಲ್ಲಿ ನಮಗೆ ಬೇಕಾದದ್ದು ಇದೇ ಪದರ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ ಉಜ್ಜಿ ಅದನ್ನು ಪಳಗಿಸುತ್ತೇವೆ. ಆ ಪದರ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೆಚ್ಚಿನ ಕಾವಿಗೆ ಪೂರ್ತಿ ಒಣಗಿ ನುಣುಪಾಗುತ್ತದೆ. ನಾನ್‌ಸ್ಟಿಕ್ ಅನ್ನು ಅಷ್ಟು ಕಾಯಿಸುವಂತಿಲ್ಲ. ಹಾಗಾಗಿ ಅದೇ ಅಭ್ಯಾಸವನ್ನು ಅಲ್ಲಿಯೂ ಮುಂದುವರಿಸಿದರೆ ಎಣ್ಣೆ ಅರೆಬರೆ ಒಣಗಿ ಅಂಟಾಗಿಯೇ ಉಳಿಯುತ್ತದೆ, ಕೆಳಗಿನ ನುಣುಪು ಮುಚ್ಚಿಹೋಗುತ್ತದೆ. ನಾನ್‌ಸ್ಟಿಕ್ ಕಾವಲಿ ಕೆಡುವುದಕ್ಕೆ ನಮ್ಮ ಮನೆಗಳಲ್ಲಿ ಇದೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಈ ಪದರ ತೆಗೆಯಲು ಅಡುಗೆ ಸೋಡಾ ಸಾಕು. ಆಳವಾದ ಬಾಣಲೆಯಾದರೆ ಎರಡು ಲೋಟ ನೀರಿಗೆ ಒಂದು ದೊಡ್ಡ ಚಮಚ ಸೋಡಾ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿದರೆ ಆಯಿತು. ದೋಸೆ ಕಾವಲಿಗೆ ಅಂಚೇ ಇಲ್ಲದ್ದರಿಂದ ನೀರು ನಿಲ್ಲುವುದಿಲ್ಲ. ಅದಕ್ಕೆ ಬೇರೆ ದಾರಿ: ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಬೆರೆಸಿ, ಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ. ಕಲೆ ಇರುವ ಅಂಚಿಗೆ ದಪ್ಪಗಿರಲಿ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮೇಲೆ ಹೊದಿಸಿ ಅರ್ಧ ಗಂಟೆ ಬಿಡಿ. ಬಟ್ಟೆ ತೆಗೆದು, ಮೆತ್ತಗಿನ ಸ್ಪಂಜಿನಲ್ಲಿ ಸುತ್ತುಸುತ್ತಾಗಿ ಉಜ್ಜಿದರೆ ಬಿಳಿಯ ಹಿಟ್ಟು ನಿಧಾನವಾಗಿ ಕಂದಾಗುತ್ತದೆ. ಪದರ ಬಿಡುತ್ತಿದೆ ಎಂಬುದಕ್ಕೆ ಅದೇ ಗುರುತು. ತೊಳೆದು ಬೆರಳಾಡಿಸಿ, ಜಿಗುಟು ಉಳಿದಿದ್ದರೆ ಇನ್ನೊಮ್ಮೆ ಹಚ್ಚಿ. ಹಳೆಯ ಪದರ ಒಂದೇ ಸಲಕ್ಕೆ ಬರುವುದಿಲ್ಲ. ಆತುರಪಟ್ಟು ಸ್ಟೀಲ್ ಸ್ಕ್ರಬ್ಬರ್ ಹಿಡಿದರೆ ಎಣ್ಣೆಯೊಂದಿಗೆ ಕೋಟಿಂಗೂ ಬರುತ್ತದೆ. ಇಡೀ ಕಾವಲಿಯನ್ನು ಸೋಡಾ ನೀರಿನಲ್ಲಿ ನೆನೆಹಾಕುವುದೂ ಬೇಡ. ತಳದ ಬರೀ ಅಲ್ಯೂಮಿನಿಯಂ ಕಪ್ಪಾಗುತ್ತದೆ.

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮೇಲ್ಮೈ ಬೆಳ್ಳಗೆ ಮಸುಕಾಗುವುದೂ ಉಂಟು. ಅದು ಗಡಸು ನೀರಿನ ಉಪ್ಪಿನಂಶ. ನಿಂಬೆರಸ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಹೋಗುತ್ತದೆ.

ಈಗ ಕೋಟಿಂಗಿನ ನಿಜಸ್ಥಿತಿ ತಿಳಿಯುತ್ತದೆ. ಒಣಗಿದ ಕಾವಲಿಯ ಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಬಿಡಿ. ಹನಿ ಉಬ್ಬಿ ದುಂಡಗೆ ನಿಂತರೆ ಕೋಟಿಂಗ್ ಚೆನ್ನಾಗಿದೆ. ಕಲೆಯಾಗಲಿ ಜಿಗುಟಾಗಲಿ ಇಲ್ಲದ ಜಾಗದಲ್ಲೂ ಹನಿ ಚಪ್ಪಟೆಯಾಗಿ ಹರಡಿಕೊಂಡರೆ, ದೋಸೆಯೂ ಪ್ರತಿ ಸಲ ಅಲ್ಲೇ ಹಿಡಿದುಕೊಂಡರೆ, ಅಲ್ಲಿ ಕೋಟಿಂಗ್ ಸವೆದಿದೆ. ಅದನ್ನು ಮರಳಿ ತರುವ ಮನೆಮದ್ದು ಯಾವುದೂ ಇಲ್ಲ. ಕೂದಲೆಳೆಯಂಥ ಒಂದೆರಡು ಗೀರುಗಳಿಗೆ ಹೆದರಬೇಕಾಗಿಲ್ಲ. ಆದರೆ ಉಗುರು ಎಳೆದಾಗ ಗೀರಿನ ಅಂಚು ಸಿಕ್ಕಿಕೊಂಡರೆ, ಬೆಳ್ಳಿಬಣ್ಣದ ಲೋಹ ಕಂಡರೆ, ಕೋಟಿಂಗ್ ಗುಳ್ಳೆ ಎದ್ದಿದ್ದರೆ, ದೋಸೆಯ ತಳದಲ್ಲಿ ಕಪ್ಪು ಚೂರು ಸಿಕ್ಕರೆ ಆ ಕಾವಲಿಯ ಆಯಸ್ಸು ಮುಗಿದಿದೆ.

ಹೊಟ್ಟೆಗೆ ಹೋದ ಒಂದೆರಡು ಚೂರಿನಿಂದ ಗಾಬರಿಯಾಗಬೇಡಿ. ಟೆಫ್ಲಾನ್ ಎಂದು ನಾವು ಕರೆಯುವ ಈ ವಸ್ತು ದೇಹದಲ್ಲಿ ಕರಗದೆ ಹಾಗೆಯೇ ಹೊರಹೋಗುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಬೆಂಕಿಯ ವಿಷಯದಲ್ಲಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಟೆಫ್ಲಾನ್ ಕೆಡತೊಡಗುತ್ತದೆ. ಖಾಲಿ ಕಾವಲಿ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಆ ಕಾವಿಗೆ ಬರಬಹುದು. ಇನ್ನೂ ಕಾದರೆ ಏಳುವ ಹೊಗೆಗೆ ಮನುಷ್ಯರಿಗೆ ಜ್ವರ, ಮೈಕೈ ನೋವು ಬರುವುದುಂಟು. ಪಂಜರದಲ್ಲಿರುವ ಹಕ್ಕಿಗಳು ಸತ್ತೇಹೋಗುತ್ತವೆ. ಖಾಲಿಯಾಗಿ ಒಲೆಯ ಮೇಲೆ ಮರೆತು ಸುಟ್ಟ ಕಾವಲಿಯನ್ನು, ಮೇಲ್ನೋಟಕ್ಕೆ ಸರಿಯಿದ್ದರೂ, ಬಳಸದಿರುವುದೇ ಒಳ್ಳೆಯದು.

ಉಳಿಸಿಕೊಂಡ ಕಾವಲಿಗೆ ಉರಿ ಮಧ್ಯಮ ದಾಟದಿರಲಿ, ಮರದ ಸಟ್ಟುಗ ಇರಲಿ, ಎಣ್ಣೆ ಎರಡು ಹನಿ ಮೀರದಿರಲಿ. ದೋಸೆ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿ ಎತ್ತಿಡದೆ, ಆರಿದ ಮೇಲೆ ಪ್ರತಿದಿನ ಸೋಪು ಹಾಕಿ ತೊಳೆಯಿರಿ. ಕೋಟಿಂಗ್ ಕಿತ್ತುಬಂದದ್ದನ್ನು ಮಾತ್ರ ‘ಇನ್ನೂ ಬಳಸಬಹುದು’ ಎಂದು ಮನೆಗೆಲಸದವರಿಗೆ ದಾಟಿಸಬೇಡಿ. ನಮ್ಮ ಅಡುಗೆಗೆ ಆಗದ್ದು ಅವರ ಅಡುಗೆಗೂ ಆಗದು. ಅದನ್ನು ಗುಜರಿಗೆ ಹಾಕಿ.